ವಾಂಟ್, ಟೆಲ್, ಅಲೌ: ‘ಟು’ ಎಲ್ಲಿ, ‘ದ್ಯಾಟ್’ ಎಲ್ಲಿ? ಪದೇ ಪದೇ ಕೇಳುವ ಪ್ರಶ್ನೆಗಳು

ಗಂಗಾವತಿಯಲ್ಲಿ ಸಂಜೆ ಹೊತ್ತು ಇಂಗ್ಲಿಷ್ ಹೇಳಿಕೊಡುತ್ತೇನೆ. ರೈಸ್ ಮಿಲ್ಲಿನ ಗುಮಾಸ್ತರು, ಆನೆಗೊಂದಿಯಲ್ಲಿ ಪ್ರವಾಸಿಗರನ್ನು ಸುತ್ತಾಡಿಸುವ ಹುಡುಗರು, ನರ್ಸಿಂಗ್ ಓದುವ ಹುಡುಗಿಯರು ಬರುತ್ತಾರೆ. ಯಾರೇ ಬಂದರೂ ಮೊದಲ ತಿಂಗಳಲ್ಲೇ ಎಡವುವ ಜಾಗ ಒಂದೇ: ಒಬ್ಬರು ಇನ್ನೊಬ್ಬರಿಂದ ಏನೋ ಬಯಸುವ, ಏನೋ ಮಾಡಲು ಹೇಳುವ, ಏನೋ ಮಾಡಲು ಬಿಡುವ ಮಾತು. ಕ್ಲಾಸಿನಲ್ಲಿ, ಫೋನಿನಲ್ಲಿ, ವಾಟ್ಸಾಪಿನಲ್ಲಿ ತಿರುಗಿ ತಿರುಗಿ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಕೂಡಿಸಿದ್ದೇನೆ. ಬಾಯಿಬಿಟ್ಟು ಓದಲು ಸುಲಭವಾಗಲಿ ಅಂತ ಇಂಗ್ಲಿಷ್ ವಾಕ್ಯಗಳನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ.

## ಮೊದಲ ಮೆಟ್ಟಿಲು

ಮೇಡಂ, ‘ಐ ವಾಂಟ್ ದ್ಯಾಟ್ ಯೂ ಕಮ್’ ಅಂದ್ರೆ ತಪ್ಪೇನ್ರೀ? ಅರ್ಥ ಆಗ್ತದಲ್ಲ?

ಅರ್ಥ ಆಗುತ್ತದೆ. ಆದರೆ ಇಂಗ್ಲಿಷ್ ಮನೆಮಾತಿನವರು ಯಾರೂ ಹಾಗೆ ಹೇಳುವುದಿಲ್ಲ. ಪರೀಕ್ಷೆಯಲ್ಲಿ ಬರೆದರೆ ಮಾರ್ಕೂ ಸಿಗುವುದಿಲ್ಲ. ಸರಿಯಾದ ವಾಕ್ಯ ‘ಐ ವಾಂಟ್ ಯೂ ಟು ಕಮ್’.

ತಪ್ಪು ಎಲ್ಲಿಂದ ಬರುತ್ತದೆ ಅಂತ ನೋಡಿ. ‘ನನಗೆ ನೀರು ಬೇಕು’ ಅನ್ನುವಾಗ ನಾವು ತಡವರಿಸುವುದಿಲ್ಲ, ‘ಐ ವಾಂಟ್ ವಾಟರ್’. ‘ನನಗೆ ಹೋಗಬೇಕು’ ಅನ್ನುವಾಗಲೂ ತೊಂದರೆ ಇಲ್ಲ, ‘ಐ ವಾಂಟ್ ಟು ಗೋ’. ತೊಡಕು ಶುರುವಾಗುವುದು ಬೇಕು ಅನ್ನುವವರು ಒಬ್ಬರು, ಕೆಲಸ ಮಾಡುವವರು ಇನ್ನೊಬ್ಬರು ಆದಾಗ. ಅಲ್ಲಿ ಕನ್ನಡ ಇಡೀ ಒಂದು ವಾಕ್ಯ ಕಟ್ಟಿ, ಅದರ ಬಾಲಕ್ಕೆ ‘ಅಂತ’ ಅಂಟಿಸುತ್ತದೆ: ‘ನೀನು ಬರಬೇಕು ಅಂತ ನನಗೆ ಆಸೆ’. ‘ಅಂತ’ ಕಂಡ ಕೂಡಲೇ ನಮ್ಮ ತಲೆ ‘ದ್ಯಾಟ್’ ಹುಡುಕುತ್ತದೆ. ಇಂಗ್ಲಿಷ್‌ಗೆ ಅಷ್ಟು ಕಟ್ಟಡ ಬೇಡ. ‘ವಾಂಟ್ ಟು ಗೋ’ ಇತ್ತಲ್ಲ, ಅದರ ನಡುವೆ ಒಂದು ಕುರ್ಚಿ ಹಾಕಿ ಆ ಇನ್ನೊಬ್ಬರನ್ನು ಕೂರಿಸಿದರೆ ಮುಗಿಯಿತು. ‘ಐ ವಾಂಟ್ ಟು ಗೋ’, ‘ಐ ವಾಂಟ್ ಯೂ ಟು ಗೋ’.

‘ಟು’ ಬಿಟ್ಟು ‘ಐ ವಾಂಟ್ ಯೂ ಗೋ’ ಅನ್ನುವವರೂ ಇದ್ದಾರೆ. ಅದೂ ಆಗುವುದಿಲ್ಲ.

ಹಂಗಾದ್ರ ‘ಅಂತ’ ಬಂದಲ್ಲೆಲ್ಲ ‘ದ್ಯಾಟ್’ ಹಾಕಬಾರದಾ?

ಹಾಕಬೇಕಾದ ಕಡೆ ಹಾಕಲೇಬೇಕು. ‘ಅಂತ’ದ ಹಿಂದಿನ ಮಾತನ್ನು ಒಮ್ಮೆ ನೋಡಿ. ಅದು ಸುದ್ದಿಯೋ, ಕೆಲಸವೋ?

‘ಬಸ್ ಹೋಯ್ತು ಅಂತ ಹೇಳಿದ’ ಅಂದರೆ ಸುದ್ದಿ. ಅದನ್ನು ನಿಜ ಅನ್ನಬಹುದು, ಸುಳ್ಳು ಅನ್ನಬಹುದು. ಸುದ್ದಿಗೆ ‘ದ್ಯಾಟ್’: ‘ಹೀ ಟೋಲ್ಡ್ ಮಿ ದ್ಯಾಟ್ ದ ಬಸ್ ಹ್ಯಾಡ್ ಗಾನ್’. ‘ಬಾ ಅಂತ ಹೇಳಿದ’ ಅಂದರೆ ಕೆಲಸ. ‘ಬಾ’ ಅನ್ನುವುದು ನಿಜವೂ ಅಲ್ಲ, ಸುಳ್ಳೂ ಅಲ್ಲ. ಕೆಲಸಕ್ಕೆ ‘ಟು’: ‘ಹೀ ಟೋಲ್ಡ್ ಮಿ ಟು ಕಮ್’.

ನಮ್ಮ ಭಾಗದವರಿಗೆ ಇದಕ್ಕಿಂತ ಸುಲಭದ ದಾರಿ ಒಂದಿದೆ. ನಾವು ಮನೆಯಲ್ಲಿ ‘ಅವನಿಗೆ ಬರಾಕ ಹೇಳು’, ‘ಹೋಗಾಕ ಬಿಡಲಿಲ್ಲ’ ಅನ್ನುತ್ತೇವೆ. ಈ ‘ಆಕ’ ಹೆಚ್ಚುಕಡಿಮೆ ಇಂಗ್ಲಿಷಿನ ‘ಟು’. ಪುಸ್ತಕದ ಕನ್ನಡದಲ್ಲಿ ಅದೇ ‘ಬರಲು’, ‘ಬರಲಿಕ್ಕೆ’. ನಿಮ್ಮ ವಾಕ್ಯವನ್ನು ‘ಆಕ’ ಹಾಕಿ ಹೇಳಿ ನೋಡಿ. ‘ಬರಾಕ ಹೇಳಿದ’ ಸರಿ ಕೇಳುತ್ತದೆ, ಹಾಗಾಗಿ ‘ಟು’. ‘ಬಸ್ ಹೋಗಾಕ ಹೇಳಿದ’ ಅಂದರೆ ಅರ್ಥವೇ ಬದಲಾಯಿತು, ಹಾಗಾಗಿ ‘ದ್ಯಾಟ್’. ಊರಿನ ಮಾತು ಇಂಗ್ಲಿಷ್‌ಗೆ ಅಡ್ಡಿ ಅಂತ ಯಾರಾದರೂ ಹೇಳಿದರೆ ಈ ‘ಆಕ’ ತೋರಿಸಿ.

ಈ ಪರೀಕ್ಷೆ ಕೈಕೊಡುವ ನಾಲ್ಕಾರು ಕ್ರಿಯಾಪದಗಳಿವೆ. ಅವು ಮುಂದೆ ಬರುತ್ತವೆ.

ಬರೋನು ಅವನು. ಮತ್ತ ‘ಹೀ’ ಬಿಟ್ಟು ‘ಹಿಮ್’ ಯಾಕ?

‘ಅವನು ಬರಬೇಕು ಅಂತ’ ಅನ್ನುವಾಗ ಕನ್ನಡದಲ್ಲಿ ‘ಅವನು’ ಅಂತಲೇ ಇರುತ್ತದೆ. ಅದನ್ನು ನಂಬಿ ‘ಐ ವಾಂಟ್ ಹೀ ಟು ಕಮ್’ ಅಂದುಬಿಡುತ್ತಾರೆ. ಇಂಗ್ಲಿಷಿನಲ್ಲಿ ‘ಹೀ’, ‘ಶೀ’, ‘ದೇ’ ನಿಲ್ಲಲು ಅದರ ಪಕ್ಕ ಕಾಲ ತೋರಿಸುವ ಕ್ರಿಯಾಪದ ಬೇಕು: ‘ಹೀ ಕಮ್ಸ್’, ‘ಹೀ ಕೇಮ್’. ‘ಟು ಕಮ್’ ಯಾವ ಕಾಲವನ್ನೂ ತೋರಿಸುವುದಿಲ್ಲ. ಅದಕ್ಕಿಂತ ಮೊದಲು ಕೂತವನು ‘ವಾಂಟ್’ ಪದದ ಆಬ್ಜೆಕ್ಟ್ ಆಗಿ ಕೂರಬೇಕು. ಹಾಗಾಗಿ ‘ಹಿಮ್’, ‘ಹರ್’, ‘ದೆಮ್’, ‘ಮಿ’, ‘ಅಸ್’. ‘ದ್ಯಾಟ್’ ಆದಮೇಲೆ ಮಾತ್ರ ಪೂರ್ತಿ ವಾಕ್ಯ ಬರುವುದರಿಂದ ಅಲ್ಲಿ ‘ಹೀ’: ‘ಐ ನೋ ದ್ಯಾಟ್ ಹೀ ಕೇಮ್’.

ನಿನ್ನೆ ನಡೆದದ್ದು ಹೇಳುವಾಗ ‘ಐ ವಾಂಟೆಡ್ ಹಿಮ್ ಟು ಕೇಮ್’ ಅನ್ನಬೇಕಲ್ಲ?

ಬೇಡ. ನಿನ್ನೆ ಅನ್ನುವುದನ್ನು ‘ವಾಂಟೆಡ್’ ಒಂದೇ ಹೊರುತ್ತದೆ. ‘ಟು’ ಆದಮೇಲೆ ಯಾವಾಗಲೂ ಬರೀ ‘ಕಮ್’. ಕನ್ನಡದಲ್ಲೂ ಹಾಗೇ ಅಲ್ವಾ? ‘ಬರಾಕ ಹೇಳಿದೆ’, ‘ಬರಾಕ ಹೇಳ್ತೀನಿ’: ‘ಬರಾಕ’ ಬದಲಾಗುವುದಿಲ್ಲ.

‘ಐ ಟೋಲ್ಡ್ ಟು ಹಿಮ್ ಟು ಕಮ್’ ಅಂತ ಬರದೆ, ಕೆಂಪು ಗೆರೆ ಎಳದ್ರಿ. ಅವನಿಗೆ ಹೇಳಿದ್ದಲ್ವಾ?

‘ಗೆ’ ನೋಡಿ ‘ಟು’ ಹಾಕಿದಿರಿ. ‘ಟೆಲ್’ ತನ್ನ ಕೇಳುಗನನ್ನು ನೇರವಾಗಿ ಹಿಡಿಯುತ್ತದೆ, ನಡುವೆ ಏನೂ ಬೇಕಿಲ್ಲ: ‘ಟೋಲ್ಡ್ ಹಿಮ್’. ‘ಆಸ್ಕ್’, ‘ಅಲೌ’, ‘ಅಡ್ವೈಸ್’ ಕೂಡ ಹೀಗೇ.

ಇದರ ತಿರುವು ತಪ್ಪೂ ಇದೆ. ‘ಹೀ ಟೋಲ್ಡ್ ದ್ಯಾಟ್ ದ ಬಸ್ ಹ್ಯಾಡ್ ಗಾನ್’. ಇಲ್ಲಿ ಕೇಳುಗನೇ ಇಲ್ಲ. ‘ಟೆಲ್’ ಅಂದರೆ ಯಾರಿಗೆ ಅಂತ ಹೇಳಲೇಬೇಕು: ‘ಹೀ ಟೋಲ್ಡ್ ಮಿ ದ್ಯಾಟ್...’. ಯಾರಿಗೆ ಅನ್ನುವುದು ಬೇಡವಾದರೆ ‘ಸೇ’ ಇದೆ: ‘ಹೀ ಸೆಡ್ ದ್ಯಾಟ್ ದ ಬಸ್ ಹ್ಯಾಡ್ ಗಾನ್’. ಆದರೆ ‘ಸೇ’ಗೆ ಆ ಕುರ್ಚಿ ಇಲ್ಲ. ‘ಹೀ ಸೆಡ್ ಮಿ ಟು ಕಮ್’ ಅನ್ನಲು ಬರುವುದಿಲ್ಲ.

## ಟೆಲ್: ಒಂದೇ ಪದ, ಎರಡು ದಾರಿ

ಓನರ್ ಹೇಳಿದ್ದನ್ನ ಪಾರ್ಟಿಗೆ ಬರದು ಕಳಿಸಿದೆ. ಅವರು ಸಿಟ್ಟಾದ್ರು. ತಪ್ಪೆಲ್ಲಿ ಆಯ್ತು?

ಇದು ಒಬ್ಬ ರೈಸ್ ಮಿಲ್ ಹುಡುಗನ ಪ್ರಶ್ನೆ. ಅವನು ಮೆಸೇಜ್ ತೋರಿಸಿದಾಗ ಕ್ಲಾಸೆಲ್ಲ ಅದರ ಮೇಲೇ ಕಳೆಯಿತು. ಹೊರರಾಜ್ಯದ ವ್ಯಾಪಾರಿಗೆ ಅವನು ಹೇಳಬೇಕಾಗಿದ್ದದ್ದು ಇಷ್ಟು: ಲಾರಿ ನಾಳೆ ಬರಲ್ಲ ಅಂತ ಡ್ರೈವರ್ ಹೇಳಿದ. ನೀವು ಬಾಕಿ ಕಳಿಸಬೇಕು ಅಂತ ಓನರ್ ಹೇಳಿದಾರೆ. ಬಾಕಿ ಬರೋತನಕ ಅಕ್ಕಿ ಲೋಡ್ ಮಾಡಾಕ ನನ್ನ ಬಿಡ್ತಿಲ್ಲ.

ಬರೆದದ್ದು ಹೀಗೆ: ‘ಡ್ರೈವರ್ ಟೋಲ್ಡ್ ದ್ಯಾಟ್ ಲಾರಿ ವಿಲ್ ನಾಟ್ ಕಮ್ ಟುಮಾರೋ. ಓನರ್ ಟೋಲ್ಡ್ ದ್ಯಾಟ್ ಯೂ ಆರ್ ಸೆಂಡಿಂಗ್ ಬ್ಯಾಲೆನ್ಸ್. ಹೀ ಈಸ್ ನಾಟ್ ಅಲೌಯಿಂಗ್ ದ್ಯಾಟ್ ಐ ಲೋಡ್.’

ಮೊದಲ ವಾಕ್ಯ ಸುದ್ದಿ. ‘ದ್ಯಾಟ್’ ಸರಿಯಾದ ಜಾಗದಲ್ಲೇ ಇದೆ, ‘ಮಿ’ ಒಂದು ಬಿಟ್ಟುಹೋಗಿದೆ. ಎರಡನೆಯದೇ ಜಗಳ ತಂದದ್ದು. ಅದನ್ನು ಓದಿದವರಿಗೆ ಸಿಗುವ ಅರ್ಥ, ‘ನೀವು ಬಾಕಿ ಕಳಿಸುತ್ತಿದ್ದೀರಿ ಅಂತ ಓನರ್ ಹೇಳಿದರು’. ಅಂದರೆ ಸುದ್ದಿ. ಅದೂ ಸುಳ್ಳು ಸುದ್ದಿ. ‘ನಾನೆಲ್ಲಿ ಕಳಿಸ್ತೀನಿ ಅಂದೆ?’ ಅಂತ ಅವರು ಕೇಳಿದ್ದು ನ್ಯಾಯವೇ. ಅದು ಕೆಲಸ ಆಗಿತ್ತು, ಸುದ್ದಿಯ ಅಂಗಿ ತೊಡಿಸಿ ಕಳಿಸಿದ್ದಾನೆ.

ಹಾಗಾದರೆ ‘ಟು’ ಹಾಕೋಣ ಅಂತ ಇನ್ನೊಬ್ಬ ಎದ್ದುನಿಂತ: ‘ಓನರ್ ಟೋಲ್ಡ್ ಮಿ ಟು ಸೆಂಡ್ ದ ಬ್ಯಾಲೆನ್ಸ್’. ಈಗ ಹುಡುಗನೇ ಬಾಕಿ ಕಟ್ಟಬೇಕಾಯಿತು! ‘ಟೆಲ್’ ಮುಂದಿನ ಕುರ್ಚಿಯಲ್ಲಿ ಯಾರು ಕೂತಿರುತ್ತಾರೋ ಕೆಲಸ ಅವರ ತಲೆಗೇ ಬರುತ್ತದೆ. ಓನರ್ ಹೇಳಿದ್ದು ಹುಡುಗನಿಗೆ, ಕಳಿಸಬೇಕಾದವರು ವ್ಯಾಪಾರಿ. ಒಂದು ಕುರ್ಚಿಯಲ್ಲಿ ಇಬ್ಬರು ಕೂರಲಾರರು.

ದಾರಿ ಮೂರಿವೆ. ‘ದ ಓನರ್ ವಾಂಟ್ಸ್ ಯೂ ಟು ಸೆಂಡ್ ದ ಬ್ಯಾಲೆನ್ಸ್’ ಎಲ್ಲಕ್ಕಿಂತ ಚಿಕ್ಕದು. ಇಲ್ಲಿ ಯಾರಿಗೆ ಹೇಳಿದರು ಅನ್ನುವ ಮಾತೇ ಬರುವುದಿಲ್ಲ. ಎರಡನೆಯದು ಸರಪಳಿ: ‘ಹೀ ಆಸ್ಕ್ಡ್ ಮಿ ಟು ಟೆಲ್ ಯೂ ಟು ಸೆಂಡ್ ದ ಬ್ಯಾಲೆನ್ಸ್’. ಮೂರನೆಯದರಲ್ಲಿ ‘ದ್ಯಾಟ್’ ಇಟ್ಟುಕೊಂಡೇ ‘ಬೇಕು’ವನ್ನು ಒಳಗೆ ತರುತ್ತೇವೆ: ‘ಹೀ ಟೋಲ್ಡ್ ಮಿ ದ್ಯಾಟ್ ಯೂ ಶುಡ್ ಸೆಂಡ್ ದ ಬ್ಯಾಲೆನ್ಸ್’. ಇದೂ ಸರಿ. ಕೆಲಸದ ಮಾತನ್ನು ‘ಟೆಲ್’ ಆದಮೇಲೆ ‘ದ್ಯಾಟ್’ನಲ್ಲಿ ಹೇಳಬೇಕಾದರೆ ‘ಶುಡ್’ ಅಥವಾ ‘ಮಸ್ಟ್’ ಥರದ ಪದ ಒಳಗಿರಬೇಕು. ವಾಂಟ್, ಅಲೌಗೆ ಈ ಮೂರನೇ ದಾರಿ ಇಲ್ಲ.

ಮೆಸೇಜಿನ ಮೂರನೇ ವಾಕ್ಯ ಹೀಗೆ ಆಗಬೇಕಿತ್ತು: ‘ಹೀ ಈಸ್ ನಾಟ್ ಅಲೌಯಿಂಗ್ ಮಿ ಟು ಲೋಡ್ ದ ರೈಸ್ ಅಂಟಿಲ್ ಇಟ್ ಕಮ್ಸ್’.

‘ಹೋಗಬೇಡ ಅಂತ ಹೇಳಿದೆ’ ಅನ್ನಾಕ ‘ಐ ಟೋಲ್ಡ್ ಹಿಮ್ ಡೋಂಟ್ ಗೋ’ ಅನ್ನಬಹುದಾ?

ಆಡುಮಾತಿನಲ್ಲಿ ಅಂದ ಮಾತನ್ನು ಹಾಗೇ ಎತ್ತಿ ಹೇಳುವಾಗ ಕಿವಿಗೆ ಬೀಳುತ್ತದೆ. ಬರೆಯುವಾಗ ‘ಐ ಟೋಲ್ಡ್ ಹಿಮ್ ನಾಟ್ ಟು ಗೋ’. ‘ನಾಟ್’ ಬರುವುದು ‘ಟು’ ಮುಂಚೆ. ‘ಐ ಡಿಡಂಟ್ ಟೆಲ್ ಹಿಮ್ ಟು ಗೋ’ ಬೇರೆಯೇ ಮಾತು: ಹೋಗು ಅಂತ ನಾನು ಹೇಳಲಿಲ್ಲ, ಅವನೇ ಹೋದ. ಕನ್ನಡದಲ್ಲಿ ‘ಹೋಗಬೇಡ ಅಂದೆ’, ‘ಹೋಗು ಅನ್ನಲಿಲ್ಲ’ ಎಷ್ಟು ದೂರವೋ ಇವೂ ಅಷ್ಟೇ ದೂರ.

ವಾಂಟ್ ಇಲ್ಲಿ ಬೇರೆ ದಾರಿ ಹಿಡಿಯುತ್ತದೆ. ‘ನೀನು ಹೋಗಬಾರದು ಅಂತ ನನ್ನ ಆಸೆ’ ಅನ್ನಲು ಇಂಗ್ಲಿಷಿನವರು ‘ಐ ಡೋಂಟ್ ವಾಂಟ್ ಯೂ ಟು ಗೋ’ ಅನ್ನುತ್ತಾರೆ. ‘ಇಲ್ಲ’ ಅನ್ನುವುದನ್ನು ಎತ್ತಿ ‘ವಾಂಟ್’ ಮೇಲೆ ಹಾಕುತ್ತಾರೆ. ‘ಐ ವಾಂಟ್ ಯೂ ನಾಟ್ ಟು ಗೋ’ ವ್ಯಾಕರಣಕ್ಕೆ ತಪ್ಪಲ್ಲ, ಆದರೆ ಒತ್ತಿ ಹೇಳಿದ ಹಾಗಿರುತ್ತದೆ. ದಿನದ ಮಾತಿಗೆ ಬೇಡ.

ರಜಾ ಅರ್ಜಿಯೊಳಗ ‘ಐ ಟೋಲ್ಡ್ ದ ಮ್ಯಾನೇಜರ್ ಟು ಗಿವ್ ಮಿ ಲೀವ್’ ಬರದ್ರ ವ್ಯಾಕರಣ ಸರಿ ಐತಲ್ಲ?

ವ್ಯಾಕರಣ ಸರಿ ಇದೆ, ಧಾಟಿ ಸರಿ ಇಲ್ಲ. ‘ಟೆಲ್’ ಆದಮೇಲೆ ಆಬ್ಜೆಕ್ಟ್, ಆಮೇಲೆ ‘ಟು’ ಬಂದರೆ ಅದು ಅಪ್ಪಣೆ. ನಾವು ‘ಸಾಹೇಬರಿಗೆ ರಜಾ ಕೊಡಾಕ ಹೇಳಿದೀನಿ’ ಅನ್ನುವಾಗ ಕನ್ನಡದ ‘ಹೇಳು’ ವಿನಂತಿಯನ್ನೂ ಹೊರುತ್ತದೆ. ‘ಟೆಲ್’ ಹೊರುವುದಿಲ್ಲ. ದೊಡ್ಡವರಿಗೆ, ಗ್ರಾಹಕರಿಗೆ, ಗುರುತಿಲ್ಲದವರಿಗೆ ‘ಆಸ್ಕ್’: ‘ಐ ಆಸ್ಕ್ಡ್ ದ ಮ್ಯಾನೇಜರ್ ಟು ಗಿವ್ ಮಿ ಲೀವ್’. ‘ಐ ವಾಂಟ್ ಯೂ ಟು ಗಿವ್’ ಕೂಡ ಎದುರಿಗೆ ಅಂದರೆ ಖಾರ. ಅದರ ಬದಲು ‘ಐ ವುಡ್ ಲೈಕ್ ಯೂ ಟು...’. ಅಲ್ಲೂ ‘ದ್ಯಾಟ್’ ಬೇಡ, ಕುರ್ಚಿ ಅದೇ.

‘ಟೆಲ್’ ಮುಂದೆ ‘ದ್ಯಾಟ್’ ಬಂದರೆ ಈ ಖಾರ ಇರುವುದಿಲ್ಲ. ‘ಐ ಟೋಲ್ಡ್ ದ ಮ್ಯಾನೇಜರ್ ದ್ಯಾಟ್ ಮೈ ಮದರ್ ವಾಸ್ ಇಲ್’ ಅಂತ ಧಾರಾಳವಾಗಿ ಬರೆಯಿರಿ. ಸುದ್ದಿ ಯಾರಿಗಾದರೂ ಹೇಳಬಹುದು.

## ಅಲೌ ಮತ್ತು ಅದರ ಅಣ್ಣತಮ್ಮಂದಿರು

‘ಅಲೌ’ ಆದಮೇಲೆ ‘ಟು’ ಬರ್ತದ, ‘ಲೆಟ್’ ಆದಮೇಲೆ ಬರಲ್ಲ. ಎರಡಕ್ಕೂ ‘ಬಿಡು’ ಅಂತನೇ ಅರ್ಥ. ಇದೇನ್ ಅನ್ಯಾಯ?

ಅನ್ಯಾಯವೇ. ಆದರೆ ಲೆಕ್ಕ ಚಿಕ್ಕದು. ‘ಮೈ ಫಾದರ್ ಅಲೌಡ್ ಮಿ ಟು ಗೋ’, ‘ಮೈ ಫಾದರ್ ಲೆಟ್ ಮಿ ಗೋ’. ‘ಮಾಡಿಸು’ ಅರ್ಥದ ‘ಮೇಕ್’ ಕೂಡ ಲೆಟ್ ಪಕ್ಷ: ‘ದೇ ಮೇಡ್ ಅಸ್ ವೇಟ್’. ‘ಹೆಲ್ಪ್’ ಮಾತ್ರ ಎರಡೂ ಕಡೆ ಕಾಲಿಡುತ್ತದೆ, ‘ಹೆಲ್ಪ್ಡ್ ಮಿ ಲಿಫ್ಟ್’, ‘ಹೆಲ್ಪ್ಡ್ ಮಿ ಟು ಲಿಫ್ಟ್’. ಇವುಗಳಲ್ಲಿ ಯಾವುದಕ್ಕೂ ಈ ಅರ್ಥದಲ್ಲಿ ‘ದ್ಯಾಟ್’ ಇಲ್ಲ.

ವಾಕ್ಯ ತಿರುಗಿಸಿ, ಮಾಡಿಸಿಕೊಂಡವರನ್ನು ಮುಂದಕ್ಕೆ ತಂದಾಗ ಒಂದು ತಮಾಷೆ ನಡೆಯುತ್ತದೆ. ‘ಮೇಕ್’ ಕಳೆದುಕೊಂಡಿದ್ದ ‘ಟು’ ವಾಪಸ್ ಬರುತ್ತದೆ: ‘ವೀ ವರ್ ಮೇಡ್ ಟು ವೇಟ್’. ‘ಲೆಟ್’ ತಿರುಗಲು ಒಪ್ಪುವುದೇ ಇಲ್ಲ. ‘ಐ ವಾಸ್ ಲೆಟ್ ಟು ಗೋ’ ಅನ್ನುವುದಿಲ್ಲ. ಅಲ್ಲಿ ‘ಅಲೌ’ನಿಂದ ಸಾಲ ತರಬೇಕು: ‘ಐ ವಾಸ್ ಅಲೌಡ್ ಟು ಗೋ’. ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರುವವರಿಗೆ ಈ ಒಂದು ರೂಪ ದಿನಾ ಬೇಕು: ‘ಯೂ ಆರ್ ನಾಟ್ ಅಲೌಡ್ ಟು ಈಟ್ ಬಿಫೋರ್ ದ ಟೆಸ್ಟ್’. ‘ನಾಟ್ ಅಲೌಡ್ ದ್ಯಾಟ್ ಯೂ ಈಟ್’ ಅಂದರೆ ರೋಗಿ ಕಣ್ಣು ಕಣ್ಣು ಬಿಡುತ್ತಾನೆ.

ಬೋರ್ಡ್ ಮೇಲೆ ‘ಪಾರ್ಕಿಂಗ್ ನಾಟ್ ಅಲೌಡ್’ ಅಂತ ಇರ್ತದಲ್ಲ. ಅಲ್ಲಿ ‘ಟು’ ಎಲ್ಲಿ ಹೋಯ್ತು?

ಅಲ್ಲಿ ಯಾರನ್ನು ಅನ್ನುವ ಮಾತಿಲ್ಲ. ಕುರ್ಚಿ ಖಾಲಿ ಇದ್ದರೆ ‘ಅಲೌ’ ‘ಟು’ ತೆಗೆದುಕೊಳ್ಳುವುದಿಲ್ಲ, ‘ಇಂಗ್’ ತೆಗೆದುಕೊಳ್ಳುತ್ತದೆ: ‘ದೇ ಡೋಂಟ್ ಅಲೌ ಪಾರ್ಕಿಂಗ್ ಹಿಯರ್’. ಯಾರಾದರೂ ಕೂತರೆ ‘ಟು’: ‘ದೇ ಡೋಂಟ್ ಅಲೌ ಅಸ್ ಟು ಪಾರ್ಕ್ ಹಿಯರ್’. ‘ದೇ ಡೋಂಟ್ ಅಲೌ ಟು ಪಾರ್ಕ್’ ಎರಡೂ ಕಡೆ ಸೇರದ ಕೆಟ್ಟ ವಾಕ್ಯ. ‘ಪರ್ಮಿಟ್’ಗೂ ಇದೇ ನಿಯಮ.

## ಪರೀಕ್ಷೆ ಕೈಕೊಡುವ ಕಡೆ

ಆನೆಗೊಂದಿಯಲ್ಲಿ ಒಬ್ರು ಫಾರಿನರ್‌ಗೆ ‘ಐ ಸಜೆಸ್ಟ್ ಯೂ ಟು ಟೇಕ್ ದ ಕೊರಾಕಲ್’ ಅಂದೆ. ಇದು ಕೆಲಸನೇ ಅಲ್ವಾ, ಸುದ್ದಿ ಅಲ್ಲ. ಮತ್ತೇನ್ ತಪ್ಪು?

ನಿಮ್ಮ ಲೆಕ್ಕ ಸರಿ, ‘ಸಜೆಸ್ಟ್’ ಲೆಕ್ಕಕ್ಕೆ ಬಗ್ಗುವುದಿಲ್ಲ. ಅದಕ್ಕೆ ಕುರ್ಚಿ ಇಲ್ಲ. ಕೆಲಸದ ಮಾತಾದರೂ ಅದು ‘ದ್ಯಾಟ್’ ಅನ್ನೇ ಕೇಳುತ್ತದೆ: ‘ಐ ಸಜೆಸ್ಟ್ ದ್ಯಾಟ್ ಯೂ ಟೇಕ್ ದ ಕೊರಾಕಲ್’. ‘ದ್ಯಾಟ್’ ನುಂಗಿ ‘ಐ ಸಜೆಸ್ಟ್ ಯೂ ಟೇಕ್’ ಅಂದರೂ ನಡೆಯುತ್ತದೆ. ಅಲ್ಲಿ ‘ಟು’ ಇಲ್ಲದಿರುವುದನ್ನು ಗಮನಿಸಿ. ತೆಪ್ಪ ಹತ್ತಿ ಅನ್ನುವುದನ್ನು ‘ಟು’ ಇಟ್ಟುಕೊಂಡೇ ಹೇಳಬೇಕೆಂದರೆ ‘ಅಡ್ವೈಸ್’ ಬಳಸಿ: ‘ಐ ಅಡ್ವೈಸ್ ಯೂ ಟು ಟೇಕ್’.

ಇದೇ ಗುಂಪಿನವು ‘ಇನ್ಸಿಸ್ಟ್’ ಮತ್ತು ‘ಡಿಮ್ಯಾಂಡ್’. ನಮ್ಮ ಕಡೆ ಮನೆಗೆ ಬಂದವರನ್ನು ಒಗ್ಗರಣಿ-ಮಿರ್ಚಿ ತಿನ್ನಿಸದೆ ಕಳಿಸುವುದಿಲ್ಲವಲ್ಲ, ಅದನ್ನು ‘ದೇ ಇನ್ಸಿಸ್ಟೆಡ್ ಮಿ ಟು ಈಟ್’ ಅನ್ನುವವರೇ ಜಾಸ್ತಿ. ‘ದೇ ಇನ್ಸಿಸ್ಟೆಡ್ ದ್ಯಾಟ್ ಐ ಈಟ್’ ಅನ್ನಬೇಕು.

ಇವುಗಳ ‘ದ್ಯಾಟ್’ ಒಳಗೆ ಕ್ರಿಯಾಪದ ಒಂದು ವಿಚಿತ್ರ ವೇಷ ಹಾಕುತ್ತದೆ. ‘ಐ ಸಜೆಸ್ಟೆಡ್ ದ್ಯಾಟ್ ಹೀ ಟೇಕ್ ದ ಕೊರಾಕಲ್’. ‘ಹೀ’ ಇದ್ದರೂ ‘ಟೇಕ್ಸ್’ ಅಲ್ಲ, ನಿನ್ನೆಯ ಮಾತಾದರೂ ‘ಟುಕ್’ ಅಲ್ಲ. ಈ ಬೋಳು ರೂಪ ಅಮೆರಿಕದಲ್ಲಿ ಹೆಚ್ಚು. ಬ್ರಿಟಿಷರು ‘ಹೀ ಶುಡ್ ಟೇಕ್’ ಅಂತಲೂ ಹೇಳುತ್ತಾರೆ. ಗೊಂದಲ ಬೇಡ ಅನ್ನುವವರು ‘ಶುಡ್’ ಹಾಕಿಬಿಡಿ, ಎಲ್ಲಿಯೂ ತಪ್ಪು ಅನ್ನುವುದಿಲ್ಲ.

‘ಐ ಹೋಪ್ ಯೂ ಟು ಪಾಸ್’ ಯಾಕ ತಪ್ಪು? ವಾಂಟ್ ಹಂಗ ಇದೂ ಆಸೆನೇ ಅಲ್ವಾ?

ಆಸೆಯೇ. ಆದರೆ ‘ಹೋಪ್’ ಮುಂದೆ ಇನ್ನೊಬ್ಬರಿಗೆ ಕುರ್ಚಿ ಇಲ್ಲ. ತನಗೆ ತಾನು ಆಸೆಪಟ್ಟರೆ ‘ಐ ಹೋಪ್ ಟು ಪಾಸ್’, ಬೇರೆಯವರ ಬಗ್ಗೆ ಆದರೆ ‘ಐ ಹೋಪ್ ದ್ಯಾಟ್ ಯೂ ಪಾಸ್’. ಅಂದರೆ ‘ಹೋಪ್’ ಎಲ್ಲಿ ‘ದ್ಯಾಟ್’ ಹಾಕುತ್ತದೋ ‘ವಾಂಟ್’ ಅಲ್ಲಿ ‘ಯೂ ಟು’ ಹಾಕುತ್ತದೆ. ಎರಡನ್ನೂ ಜೋಡಿಯಾಗಿ ಬಾಯಿಪಾಠ ಮಾಡಿಸುತ್ತೇನೆ. ಒಂದನ್ನು ಹೇಳಿದರೆ ಇನ್ನೊಂದು ತಾನಾಗೇ ಬರಬೇಕು.

ಎರಡೂ ತಗೊಳ್ಳೋ ಪದಗಳಲ್ಲಿ ಅರ್ಥ ಒಂದೇನಾ?

ಕೆಲವಕ್ಕೆ ಪೂರ್ತಿ ಬೇರೆ, ಕೆಲವಕ್ಕೆ ಕೂದಲೆಳೆಯಷ್ಟು ಬೇರೆ.

ಪೂರ್ತಿ ಬೇರೆಯಾಗುವವು ಟೆಲ್, ರಿಮೈಂಡ್, ವಾರ್ನ್. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟ್ ಕೊಚ್ಚಿಹೋದದ್ದು ನಮ್ಮೆಲ್ಲರಿಗೂ ನೆನಪಿದೆ. ನದಿ ದಂಡೆಯ ಊರುಗಳಿಗೆ ಎಚ್ಚರಿಕೆ ಹೋಯಿತು. ಆ ಎಚ್ಚರಿಕೆಯನ್ನು ಎರಡು ವಾಕ್ಯ ಮಾಡಿ ನೋಡಿ. ‘ದೇ ವಾರ್ನ್ಡ್ ಪೀಪಲ್ ದ್ಯಾಟ್ ದ ವಾಟರ್ ವಾಸ್ ರೈಸಿಂಗ್’ ಅಂದರೆ ನೀರು ಏರುತ್ತಿದೆ ಅನ್ನುವ ಸುದ್ದಿ. ‘ದೇ ವಾರ್ನ್ಡ್ ಪೀಪಲ್ ನಾಟ್ ಟು ಗೋ ನಿಯರ್ ದ ರಿವರ್’ ಅಂದರೆ ಹೊಳೆ ಹತ್ತಿರ ಹೋಗಬೇಡಿ ಅನ್ನುವ ಅಪ್ಪಣೆ. ‘ರಿಮೈಂಡ್’ ಕೂಡ ಹೀಗೇ. ‘ರಿಮೈಂಡ್ ಮಿ ಟು ಪೇ’ ಅಂದರೆ ಕಟ್ಟುವುದು ಇನ್ನೂ ಬಾಕಿ. ‘ರಿಮೈಂಡ್ ಮಿ ದ್ಯಾಟ್ ಐ ಪೇಡ್’ ಅಂದರೆ ಕಟ್ಟಿ ಆಗಿದೆ, ನನಗೆ ಮರೆವು.

ಕೂದಲೆಳೆಯಷ್ಟು ಬೇರೆಯಾಗುವುದು ‘ಎಕ್ಸ್‌ಪೆಕ್ಟ್’. ‘ಐ ಎಕ್ಸ್‌ಪೆಕ್ಟ್ ದ್ಯಾಟ್ ಹೀ ವಿಲ್ ಕಮ್’ ಬರೀ ಅಂದಾಜು, ಬರುತ್ತಾನೆ ಅನ್ನಿಸುತ್ತದೆ. ‘ಐ ಎಕ್ಸ್‌ಪೆಕ್ಟ್ ಹಿಮ್ ಟು ಕಮ್’ ಅಂದಾಜೂ ಆಗಬಹುದು, ಬರಲೇಬೇಕು ಅನ್ನುವ ಹಕ್ಕಿನ ಮಾತೂ ಆಗಬಹುದು. ಮೇಲಿನವರು ‘ಐ ಎಕ್ಸ್‌ಪೆಕ್ಟ್ ಯೂ ಟು ಬಿ ಹಿಯರ್ ಅಟ್ ನೈನ್’ ಅಂದರೆ ಅದು ಭವಿಷ್ಯ ಹೇಳಿದ್ದಲ್ಲ. ಒಂಬತ್ತಕ್ಕೆ ಅಲ್ಲಿರಿ.

## ಇನ್ನೂ ಒಳಗೆ ಹೋಗಬೇಕು ಅನ್ನುವವರಿಗೆ

‘ಹೀ ವಾಸ್ ಟೋಲ್ಡ್ ಟು ಕಮ್’ ಸರಿ ಅಂದ್ರಿ. ಹಂಗಾದ್ರ ‘ಹೀ ವಾಸ್ ವಾಂಟೆಡ್ ಟು ಕಮ್’ ಯಾಕ ಸರಿ ಅಲ್ಲ?

‘ವಾಂಟ್’ ಹೀಗೆ ತಿರುಗುವುದಿಲ್ಲ. ಟೆಲ್, ಆಸ್ಕ್, ಅಲೌ, ಎಕ್ಸ್‌ಪೆಕ್ಟ್ ತಿರುಗುತ್ತವೆ. ‘ವಾಂಟ್’, ‘ಲೈಕ್’ ತಿರುಗುವುದಿಲ್ಲ. ಹೇಳಿಸಿಕೊಂಡವನಿಗೆ ಮಾತು ತಲುಪಿರುತ್ತದೆ, ಅವನ ಬಗ್ಗೆ ‘ಅವನಿಗೆ ಹೇಳಲಾಯಿತು’ ಅನ್ನಬಹುದು. ನಾನು ಮನಸ್ಸಿನಲ್ಲೇ ಬಯಸಿದರೆ ಅವನಿಗೆ ಏನೂ ಆಗಿರುವುದಿಲ್ಲ. ಇದು ನೆನಪಿಡಲು ಒಂದು ಗುರುತು ಅಷ್ಟೇ, ‘ಎಕ್ಸ್‌ಪೆಕ್ಟ್’ ಇದಕ್ಕೆ ಪೂರ್ತಿ ಹೊಂದುವುದಿಲ್ಲ ಅಂತ ಜಾಣರು ಈಗಾಗಲೇ ಬೆರಳೆತ್ತಿರುತ್ತಾರೆ.

ಕುರ್ಚಿಯಲ್ಲಿ ಕೂತೋರು ವಾಂಟ್‌ಗೂ ಟೆಲ್‌ಗೂ ಒಂದೇ ಥರ ಸೇರಿರ್ತಾರಾ?

ಹೊರಗಿನಿಂದ ಒಂದೇ ಥರ ಕಾಣುತ್ತದೆ. ಒಳಗೆ ಬೇರೆ. ನನಗೆ ಈ ವಿಷಯದಲ್ಲಿ ಅತಿ ಇಷ್ಟವಾದ ಭಾಗ ಇದು.

‘ಡಾಕ್ಟರ್ ಅವ್ವನನ್ನು ನೋಡಬೇಕು ಅಂತ ನನ್ನ ಆಸೆ’: ‘ಐ ವಾಂಟ್ ದ ಡಾಕ್ಟರ್ ಟು ಎಕ್ಸಾಮಿನ್ ಮೈ ಮದರ್’. ಇದನ್ನು ಮಗುಚಿ: ‘ಐ ವಾಂಟ್ ಮೈ ಮದರ್ ಟು ಬಿ ಎಕ್ಸಾಮಿನ್ಡ್ ಬೈ ದ ಡಾಕ್ಟರ್’. ಆಸೆ ಅದೇ ಉಳಿಯಿತು. ಈಗ ‘ಟೆಲ್’ ಇಟ್ಟು ಮಗುಚಿ. ‘ಐ ಟೋಲ್ಡ್ ದ ಡಾಕ್ಟರ್ ಟು ಎಕ್ಸಾಮಿನ್ ಮೈ ಮದರ್’ ಅನ್ನುವಾಗ ನಾನು ಮಾತಾಡಿದ್ದು ಡಾಕ್ಟರ್ ಜೊತೆ. ‘ಐ ಟೋಲ್ಡ್ ಮೈ ಮದರ್ ಟು ಬಿ ಎಕ್ಸಾಮಿನ್ಡ್ ಬೈ ದ ಡಾಕ್ಟರ್’ ಅನ್ನುವಾಗ ಅವ್ವನ ಜೊತೆ. ಮಾತು ಕೇಳಿದ ವ್ಯಕ್ತಿಯೇ ಬದಲಾಯಿತು.

ಅಂದರೆ ‘ಟೆಲ್’ ಕುರ್ಚಿಯಲ್ಲಿರುವವನಿಗೆ ಎರಡು ಕೆಲಸ: ಮಾತು ಕೇಳುವುದು, ಆಮೇಲೆ ಮಾಡುವುದು. ‘ವಾಂಟ್’ ಕುರ್ಚಿಯಲ್ಲಿರುವವನು ಬರೀ ಮಾಡುವವನು. ನನಗೆ ಬೇಕಾಗಿರುವುದು ಅವನಲ್ಲ, ಆ ಇಡೀ ಸಂಗತಿ. ಕನ್ನಡ ‘ಅಂತ’ ಹಾಕಿ ಇಡೀ ಸಂಗತಿಯನ್ನು ಕಟ್ಟಿಕೊಡುವುದು ಸುಮ್ನೆ ಅಲ್ಲ ಅಂತ ಇಲ್ಲಿ ಗೊತ್ತಾಗುತ್ತದೆ. ಅದಕ್ಕೇ ಜೀವವಿಲ್ಲದ್ದೂ ‘ವಾಂಟ್’ ಮುಂದೆ ಕೂರಬಹುದು: ‘ಐ ವಾಂಟ್ ದ ಟ್ಯಾಂಕ್ ಟು ಬಿ ಫುಲ್’. ‘ಐ ಟೋಲ್ಡ್ ದ ಟ್ಯಾಂಕ್ ಟು ಬಿ ಫುಲ್’ ಅಂದರೆ ರಾಯಚೂರಿನ ಬೇಸಿಗೆ ತಲೆಗೇರಿದೆ ಅಂತ ಅಂದುಕೊಳ್ಳುತ್ತಾರೆ. ‘ಎಕ್ಸ್‌ಪೆಕ್ಟ್’ ಇಲ್ಲಿ ವಾಂಟ್ ಕಡೆ. ‘ಆಸ್ಕ್’, ‘ರಿಮೈಂಡ್’, ‘ವಾರ್ನ್’ ಟೆಲ್ ಕಡೆ.

ಪೇಪರಿನಲ್ಲಿ ‘ಹೀ ಅಲೌಡ್ ದ್ಯಾಟ್...’ ಅಂತ ಓದಿದೆ. ನೀವು ಇಲ್ಲ ಅಂದಿದ್ರಿ!

ಇದೆ, ಆದರೆ ಅದು ಬೇರೆ ‘ಅಲೌ’. ‘ಹೀ ಅಲೌಡ್ ದ್ಯಾಟ್ ಹೀ ಹ್ಯಾಡ್ ಮೇಡ್ ಎ ಮಿಸ್ಟೇಕ್’ ಅಂದರೆ ತಪ್ಪು ಮಾಡಿದ್ದು ಹೌದು ಅಂತ ಒಪ್ಪಿಕೊಂಡ. ‘ಮಾಡಲು ಬಿಡು’ ಅನ್ನುವ ಅರ್ಥ ಅಲ್ಲ. ಗಂಭೀರ ಬರಹದಲ್ಲಿ ಅಪರೂಪಕ್ಕೆ ಬರುತ್ತದೆ. ಗಮನಿಸಿ, ಅಲ್ಲೂ ‘ದ್ಯಾಟ್’ ಆದಮೇಲೆ ಇರುವುದು ಸುದ್ದಿಯೇ.

‘ಐ ಪ್ರಾಮಿಸ್ಡ್ ಹಿಮ್ ಟು ಕಮ್’ ಅಂದ್ರ ಬರೋರು ಯಾರು? ಅವನಾ, ನಾನಾ?

ನೀವು. ಮೇಲಿನ ಎಲ್ಲ ಪದಗಳಲ್ಲೂ ಕುರ್ಚಿಯವನೇ ಕೆಲಸ ಮಾಡುತ್ತಿದ್ದ. ‘ಪ್ರಾಮಿಸ್’ ಒಂದು ಮಾತ್ರ ಹಟಮಾರಿ: ಕುರ್ಚಿಯಲ್ಲಿ ಅವನು, ಕೆಲಸ ನನ್ನದು. ಮಾತು ಕೊಟ್ಟವರೇ ನಡೆಸಬೇಕಲ್ಲ. ಇಂಗ್ಲಿಷ್ ಮನೆಮಾತಿನ ಮಕ್ಕಳೂ ಇದರಲ್ಲಿ ತಡವಾಗಿ ಪಳಗುತ್ತಾರೆ. ದೊಡ್ಡವರಲ್ಲೂ ಕೆಲವರಿಗೆ ಈ ವಾಕ್ಯ ಹಿಡಿಸುವುದಿಲ್ಲ. ಹಾಗಾಗಿ ಇಲ್ಲಿ ಮಾತ್ರ ನಾನು ‘ದ್ಯಾಟ್’ ಪಕ್ಷ: ‘ಐ ಪ್ರಾಮಿಸ್ಡ್ ಹಿಮ್ ದ್ಯಾಟ್ ಐ ವುಡ್ ಕಮ್’. ‘ನಾನು ಬರ್ತೀನಿ ಅಂತ ಅವನಿಗೆ ಮಾತು ಕೊಟ್ಟೆ’ ಅನ್ನುವುದರ ಪಕ್ಕ ಇಟ್ಟು ನೋಡಿ, ಪದಕ್ಕೆ ಪದ ಕೂರುತ್ತದೆ.